ತಾರಸಿಯ ಮೇಲೆ ಬೆರಕೆ ಸೊಪ್ಪು: ಹನ್ನೆರಡು ಚೀಲಗಳ ಲೆಕ್ಕಾಚಾರ

ಬೆಂಗಳೂರಿನ ಅಪಾರ್ಟ್‌ಮೆಂಟ್ ತಾರಸಿಯಲ್ಲಿ ಏನಾದರೂ ಬೆಳೆದು ಅದೇ ಕಟ್ಟಡದವರಿಗೆ ಮಾರುವುದಾದರೆ ಮೊದಲು ಕೈ ಹಾಕಬೇಕಾದದ್ದು ಸೊಪ್ಪಿಗೆ. ಟೊಮೆಟೊ ಒಂದು ಗಿಡಕ್ಕೆ ಮೂರು ತಿಂಗಳು ಕೇಳುತ್ತದೆ, ಸುಗ್ಗಿ ಬಂದಾಗ ಪೇಟೆಯಲ್ಲೂ ಅಗ್ಗವಾಗಿರುತ್ತದೆ. ಮೆಂತ್ಯ ಸೊಪ್ಪು ನಾಲ್ಕು ವಾರದಲ್ಲಿ ಕೈಗೆ ಸಿಗುತ್ತದೆ. ಕಿತ್ತ ಒಂದು ಗಂಟೆಯಲ್ಲಿ ಅಡುಗೆಮನೆ ಸೇರಿದ ಸೊಪ್ಪಿಗೂ ತಳ್ಳುಗಾಡಿಯ ಸೊಪ್ಪಿಗೂ ಇರುವ ವ್ಯತ್ಯಾಸವನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಇಲ್ಲಿ ಬರೆದಿರುವುದು ಹನ್ನೆರಡು ಚೀಲಗಳ ಒಂದು ಸಣ್ಣ ವ್ಯವಸ್ಥೆಯನ್ನು ನಾವು ಹೇಗೆ ಕೂಡಿಸಿದೆವು, ಅದು ವಾರಕ್ಕೆ ಎಷ್ಟು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು.

ಬೀಜಕ್ಕಿಂತ ಮೊದಲು ಬರುವುದು ಅನುಮತಿ ಮತ್ತು ಭಾರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ತಾರಸಿ ಎಲ್ಲರಿಗೂ ಸೇರಿದ ಜಾಗ. ಮೇಲಿನ ಮಹಡಿಯ ಮನೆಯವರು ಒಪ್ಪಿದರೆ ಸಾಲದು, ಸಂಘದ ಒಪ್ಪಿಗೆ ಬರಹದಲ್ಲಿ ಬೇಕು. ಸಂಘದವರ ಭಯ ಎರಡೇ: ಸೋರಿಕೆ ಮತ್ತು ಭಾರ. ಎರಡಕ್ಕೂ ಬಾಯಿಮಾತಿನ ಭರವಸೆ ಕೊಡುವ ಬದಲು ಪರೀಕ್ಷೆ ಮಾಡಿ ತೋರಿಸುವುದು ಲೇಸು. ತಾರಸಿಯ ನೀರು ಹೋಗುವ ಬಾಯಿಗಳನ್ನೆಲ್ಲ ಬಟ್ಟೆ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಮನೆಗಳ ಸೂರು ನೋಡಬೇಕು. ತೇವದ ಕಲೆ ಕಂಡರೆ ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಸೊಪ್ಪು. ಈ ಪರೀಕ್ಷೆ ಮಾಡದೆ ಚೀಲ ಇಟ್ಟರೆ ಹತ್ತು ವರ್ಷದಿಂದ ಸೋರುತ್ತಿದ್ದ ಗೋಡೆಯ ತಪ್ಪೂ ಮೆಂತ್ಯದ ತಲೆಗೆ ಬರುತ್ತದೆ.

ಭಾರದ ಲೆಕ್ಕ ಹೀಗೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ IS 875 ಹೇಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಓಡಾಡುವ ಜನರೂ ಇದರೊಳಗೇ ಬಂದರು. ನೆನೆದ ಕೆಂಪುಮಣ್ಣನ್ನು ಒಂದು ಅಡಿ ಎತ್ತರ ತುಂಬಿದರೆ ಚದರ ಮೀಟರಿಗೆ ಐನೂರು ಕೆಜಿ ಆಗುತ್ತದೆ, ಅದರ ಮಾತೇ ಬೇಡ. ಸೊಪ್ಪಿಗೆ ಆರು ಇಂಚು ಆಳ ಸಾಕು. ಮಣ್ಣನ್ನು ಕಡಿಮೆ ಮಾಡಿ ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್ ಹೆಚ್ಚಿಸಿದರೆ ಅದೇ ಆರು ಇಂಚು ಪೂರ್ತಿ ನೆನೆದಾಗಲೂ ಚದರ ಮೀಟರಿಗೆ 120 ಕೆಜಿಯೊಳಗೆ ನಿಲ್ಲುತ್ತದೆ. ಹಾಗಿದ್ದೂ ಚೀಲಗಳನ್ನು ಸೂರಿನ ನಡುಮಧ್ಯೆ ಗುಂಪಾಗಿ ಇಡದೆ ತೊಲೆಗಳು ಹಾದುಹೋಗುವ ಗೆರೆಯ ಮೇಲೆ ಸಾಲಾಗಿ ಇಟ್ಟೆವು. ತೊಲೆ ಎಲ್ಲಿದೆ ಎಂಬುದು ಕಟ್ಟಡದ ನಕ್ಷೆಯಲ್ಲಿ ಇರುತ್ತದೆ. ಹಳೆಯ ಕಟ್ಟಡವಾದರೆ, ನಕ್ಷೆ ಸಿಗದಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡದೆ ಮುಂದುವರಿಯಬಾರದು.

ಬಳಸಿದ್ದು ಮೂರಡಿ ಉದ್ದ, ಎರಡಡಿ ಅಗಲ, ಎಂಟು ಇಂಚು ಎತ್ತರದ ಎಚ್‌ಡಿಪಿಇ ಚೀಲಗಳು. ಆರು ಇಂಚು ತುಂಬಿದರೆ ಒಂದಕ್ಕೆ 85 ಲೀಟರ್ ಮಿಶ್ರಣ ಹಿಡಿಯುತ್ತದೆ, ನೆನೆದಾಗ ಸುಮಾರು 65 ಕೆಜಿ ತೂಗುತ್ತದೆ. ನೆಲಕ್ಕೆ ತಾಗಿಸಿ ಇಡದೆ ಇಟ್ಟಿಗೆ ಅಥವಾ ಪ್ಲಾಸ್ಟಿಕ್ ಪ್ಯಾಲೆಟ್ ಮೇಲೆ ಕೂರಿಸಬೇಕು. ಕೆಳಗೆ ಗಾಳಿ ಆಡಿದರೆ ತಾರಸಿ ಒಣಗುತ್ತದೆ, ಪಾಚಿ ಕಟ್ಟುವುದಿಲ್ಲ, ಗುಡಿಸಲೂ ಬರುತ್ತದೆ. ತಾರಸಿ ತೋಟ ಇರುವಲ್ಲಿ ಆಗುವ ಸೋರಿಕೆಗೆ ಬಹಳ ಸಲ ಕಾರಣ ಚೀಲದಿಂದ ತೊಟ್ಟಿಕ್ಕುವ ನೀರಲ್ಲ. ಒಣಗಿದ ಎಲೆ, ಕೋಕೋಪೀಟ್ ಪುಡಿ ಹೋಗಿ ಮಳೆನೀರಿನ ಬಾಯಿ ಕಟ್ಟಿಕೊಂಡು, ಒಂದೇ ಮಳೆಗೆ ತಾರಸಿ ಕೆರೆಯಾಗುವುದು. ಪ್ರತಿ ಬಾಯಿಗೂ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೆರಡು ಸಲ ಕೈಯಿಂದ ತೆಗೆದು ಸ್ವಚ್ಛ ಮಾಡಬೇಕು. ಇನ್ನೊಂದು ವಿಷಯ: ಹೊಸ ಕೋಕೋಪೀಟಿನಿಂದ ಇಳಿಯುವ ನೀರು ಚಹಾ ಬಣ್ಣದ್ದು, ಸುಣ್ಣ ಬಳಿದ ಗೋಡೆಯ ಮೇಲೆ ಹರಿದರೆ ಕಲೆ ಹೋಗುವುದಿಲ್ಲ. ಅದಕ್ಕೇ ಅದನ್ನು ಮೊದಲು ಕೆಳಗೆ, ಅಂಗಳದಲ್ಲೇ ತೊಳೆದು ಆಮೇಲೆ ಮೇಲೆ ಒಯ್ಯುವುದು.

ತೊಳೆಯುವುದಕ್ಕೆ ಬೇರೆ ಕಾರಣವೂ ಇದೆ. ಇಟ್ಟಿಗೆಯಂತೆ ಒತ್ತಿ ಮಾರುವ ಈ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಅಗ್ಗದವುಗಳಲ್ಲಿ ಇನ್ನೂ ಹೆಚ್ಚು. ಉಪ್ಪು ಉಳಿದರೆ ಮೊಳಕೆ ಬರುತ್ತದೆ, ಆದರೆ ಎರಡನೆಯ ಜೋಡಿ ಎಲೆ ಬರುವ ಹೊತ್ತಿಗೆ ಅಂಚು ಕಂದಿ ಸುರುಟಿಕೊಳ್ಳುತ್ತದೆ. ಐದು ಕೆಜಿಯ ಒಂದು ಇಟ್ಟಿಗೆ ನೆನೆದರೆ 65ರಿಂದ 70 ಲೀಟರ್ ಆಗುತ್ತದೆ. ಅದನ್ನು ರಾತ್ರಿಯಿಡೀ ನೆನೆಸಿ, ಗೋಣಿಚೀಲದಲ್ಲಿ ಸೋಸಿ, ಮತ್ತೆ ನೀರು ಹಾಕಿ ಸೋಸಬೇಕು. ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಪೆನ್ ಮನೆಯಲ್ಲಿದ್ದರೆ ಇಳಿದ ನೀರನ್ನು ಅಳೆಯಿರಿ. ನಲ್ಲಿ ನೀರಿನ ಅಂಕಿಗಿಂತ ಮುನ್ನೂರು ನಾನೂರಷ್ಟೇ ಹೆಚ್ಚಿದ್ದರೆ ಸಾಕು, ಸಾವಿರ ದಾಟಿದ್ದರೆ ಇನ್ನೊಮ್ಮೆ ತೊಳೆಯಿರಿ.

ಮಿಶ್ರಣದಲ್ಲಿ ಅಳತೆಯ ಲೆಕ್ಕದಲ್ಲಿ 45 ಪಾಲು ಕೋಕೋಪೀಟ್, 40 ಪಾಲು ಕಾಂಪೋಸ್ಟ್, 15 ಪಾಲು ಕೆಂಪುಮಣ್ಣು. ಹನ್ನೆರಡು ಚೀಲಕ್ಕೆ, ಕುಸಿತವನ್ನೂ ಸೇರಿಸಿ, ಎಂಟು ಇಟ್ಟಿಗೆ ಕೋಕೋಪೀಟ್ ಮತ್ತು ಸಿಮೆಂಟ್ ಚೀಲದಲ್ಲಿ ಐದು ಚೀಲ ಮಣ್ಣು ಬೇಕಾಯಿತು. ಪ್ರತಿ ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಮಣ್ಣನ್ನು ಪೂರ್ತಿ ಬಿಟ್ಟರೆ ಭಾರ ಇನ್ನೂ ಕಡಿಮೆಯಾಗುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಮಿಶ್ರಣ ಬೇಗ ಒಣಗುತ್ತದೆ, ಗೊಬ್ಬರದ ಸತ್ವ ನೀರಿನ ಜೊತೆ ಇಳಿದುಹೋಗುತ್ತದೆ.

ಕಾಂಪೋಸ್ಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಪಾರ್ಟ್‌ಮೆಂಟ್‌ಗಳಲ್ಲಿ ಸೊಪ್ಪು ಸಾಯುವುದು ಹೆಚ್ಚಾಗಿ ಇದರಿಂದಲೇ. ದೊಡ್ಡ ಕಟ್ಟಡಗಳಲ್ಲಿ ಹಸಿಕಸವನ್ನು ಅಲ್ಲೇ ಗೊಬ್ಬರ ಮಾಡುವ ಏರ್ಪಾಡು ಇರುತ್ತದೆ, ಅದು ಪುಕ್ಕಟೆ ಸಿಗುತ್ತದೆ. ಆದರೆ ಒಂದೇ ದಿನದಲ್ಲಿ ಕಸವನ್ನು ಗೊಬ್ಬರ ಮಾಡುತ್ತೇವೆ ಎನ್ನುವ ಯಂತ್ರದಿಂದ ಬರುವುದು ಗೊಬ್ಬರವಲ್ಲ, ಬಿಸಿ ಮಾಡಿ ಒಣಗಿಸಿದ ಕಸದ ಪುಡಿ. ನೋಡಲು ಕಾಫಿಪುಡಿಯ ಹಾಗೆ ಚೆನ್ನಾಗಿರುತ್ತದೆ. ಚೀಲಕ್ಕೆ ಸೇರಿಸಿ ನೀರು ಹಾಕಿದ ಮೇಲೆ ಅದು ನಿಜವಾಗಿ ಕೊಳೆಯಲು ಶುರುವಾಗುತ್ತದೆ: ಒಳಗೆ ಬಿಸಿ ಏಳುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ, ಹುಳಿ ವಾಸನೆ ಬರುತ್ತದೆ, ಮೊಳಕೆಯ ಬೇರು ಸುಡುತ್ತದೆ. ಕಂಡುಹಿಡಿಯುವುದು ಸುಲಭ. ಎರಡು ಹಿಡಿ ಗೊಬ್ಬರವನ್ನು ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮಾಗಿದೆ. ಹುಳಿ, ಅಮೋನಿಯದ ಘಾಟು ಬಂದರೆ ಮಾಗಿಲ್ಲ. ಅನುಮಾನ ಉಳಿದರೆ ಅದರಲ್ಲೇ ಒಂದು ಚಮಚ ಸಾಸಿವೆ ಬಿತ್ತಿ ನೋಡಿ. ಮಾಗದ ಪುಡಿಯನ್ನು ಎಸೆಯಬೇಕಾಗಿಲ್ಲ. ಒಣಗಿದ ಎಲೆಯ ಜೊತೆ ಬೆರೆಸಿ, ತೇವವಾಗಿಟ್ಟು, ವಾರಕ್ಕೊಮ್ಮೆ ಮಗುಚುತ್ತಾ ಆರೆಂಟು ವಾರ ಬಿಟ್ಟರೆ ಗೊಬ್ಬರವಾಗುತ್ತದೆ.

ನೀರಿನ ವಿಷಯಕ್ಕೆ ಬಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಬಗೆಯ ನೀರು ಇರುತ್ತದೆ, ನಾಲ್ಕೂ ಒಂದೇ ಅಲ್ಲ. ಎಸ್‌ಟಿಪಿಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ತಾರಸಿಯವರೆಗೆ ಪೈಪಿನಲ್ಲಿ ಬಂದಿದ್ದರೂ ಸೊಪ್ಪಿಗೆ ಬೇಡ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಎಲೆಯ ಮೇಲೆ ಆ ನೀರು ಸಿಡಿಯುತ್ತದೆ, ಕೊತ್ತಂಬರಿ ಪುದೀನವನ್ನು ಹಸಿಯಾಗಿಯೇ ತಿನ್ನುತ್ತೇವೆ. ಆರ್‌ಒ ಯಂತ್ರ ಹೊರಹಾಕುವ ನೀರೂ ಬೇಡ, ಅದರಲ್ಲಿ ಲವಣ ಇಮ್ಮಡಿಯಾಗಿರುತ್ತದೆ. ಉಳಿದದ್ದು ಟ್ಯಾಂಕಿನ ನೀರು ಮತ್ತು ಮಳೆನೀರು. ಏಪ್ರಿಲ್ ಬಿಸಿಲಿಗೆ ಒಂದು ಚೀಲ ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತದೆ, ಹನ್ನೆರಡಕ್ಕೆ ಐವತ್ತು ಲೀಟರ್ ಹತ್ತಿರ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ ಐದು ಸಾವಿರ ರೂಪಾಯಿ ದಂಡ ಇಟ್ಟಿತ್ತು. ಅಂಥ ಬೇಸಿಗೆ ಮತ್ತೆ ಬರುತ್ತದೆಂದು ಎಣಿಸಿಯೇ ಯೋಜನೆ ಹಾಕಬೇಕು. ಮಾರ್ಚ್‌ನಿಂದ ಮೇವರೆಗೆ ಅರ್ಧ ಚೀಲಗಳನ್ನು ಒಣಎಲೆ ಮುಚ್ಚಿ ಖಾಲಿ ಬಿಡುವುದು, ಉಳಿದವುಗಳಲ್ಲಿ ಬಿಸಿಲು ತಡೆಯುವ ಹರಿವೆ, ಬಸಳೆ ಇಡುವುದು, ಮೇಲೆ ಐವತ್ತು ಶೇಕಡಾ ನೆರಳಿನ ಬಲೆ ಕಟ್ಟುವುದು. ತರಕಾರಿ, ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟರೆ ಎರಡು ಮನೆಯಿಂದ ಇಪ್ಪತ್ತು ಲೀಟರ್ ಸಿಗುತ್ತದೆ.

ಈಗ ಬಿತ್ತನೆ. ಹನ್ನೆರಡರಲ್ಲಿ ನಾಲ್ಕು ಮೆಂತ್ಯಕ್ಕೆ, ನಾಲ್ಕು ಹರಿವೆಗೆ, ಮೂರು ಪಾಲಕ್‌ಗೆ, ಕೊನೆಯದರಲ್ಲಿ ಅರ್ಧ ಪುದೀನ ಅರ್ಧ ಸಬ್ಬಸಿಗೆ. ಈ ಹಂಚಿಕೆಯ ಗುಟ್ಟು ವಾರದ ಲಯ. ಮೆಂತ್ಯ ಬಿತ್ತಿ ಕೀಳುವುದಕ್ಕೆ ನಾಲ್ಕು ವಾರ, ಆದ್ದರಿಂದ ನಾಲ್ಕು ಚೀಲವನ್ನು ವಾರಕ್ಕೊಂದರಂತೆ ಬಿತ್ತಿದರೆ ಪ್ರತಿ ಶನಿವಾರ ಒಂದು ಚೀಲ ಕೊಯ್ಲಿಗೆ ಬರುತ್ತದೆ. ಹೊಸಬರು ಉತ್ಸಾಹದಲ್ಲಿ ಹನ್ನೆರಡನ್ನೂ ಒಂದೇ ಭಾನುವಾರ ಬಿತ್ತುತ್ತಾರೆ. ಒಂದು ತಿಂಗಳಾದ ಮೇಲೆ ಒಂದೇ ವಾರ ಎಂಟು ಕೆಜಿ ಸೊಪ್ಪು ಬರುತ್ತದೆ, ಅಷ್ಟನ್ನು ಕೊಳ್ಳುವವರಿಲ್ಲ. ಮುಂದಿನ ಮೂರು ವಾರ ಕೇಳುವವರಿದ್ದಾರೆ, ಕೊಡಲು ಏನೂ ಇಲ್ಲ. ಗಿರಾಕಿ ಕಳೆದುಹೋಗುವುದು ಆ ಮೂರು ವಾರಗಳಲ್ಲಿ.

ಮೆಂತ್ಯವನ್ನು ದಿನಸಿ ಅಂಗಡಿಯಿಂದ ತಂದರೂ ಆಗುತ್ತದೆ. ಚೀಲಕ್ಕೆ 25 ಗ್ರಾಂ, ರಾತ್ರಿ ನೆನೆಸಿ, ಬೆಳಿಗ್ಗೆ ಚೆಲ್ಲಿ, ಮೇಲೆ ಅರ್ಧ ಇಂಚು ಗೊಬ್ಬರ ಉದುರಿಸುವುದು. ಒತ್ತಾಗಿ ಬಿತ್ತಿದರೆ ಹೆಚ್ಚು ಸೊಪ್ಪು ಸಿಗುತ್ತದೆಂದು ಐವತ್ತು ಗ್ರಾಂ ಹಾಕಿದರೆ ಗಾಳಿ ಆಡದೆ ಬುಡ ಕೊಳೆಯುತ್ತದೆ. ನಿನ್ನೆ ನೆಟ್ಟಗಿದ್ದ ಸಸಿಗಳು ಇಂದು ಅಂಗೈ ಅಗಲ ಮಲಗಿರುತ್ತವೆ, ಬುಡ ದಾರದಂತೆ ಸಣ್ಣಗಾಗಿರುತ್ತದೆ. ಆ ಜಾಗವನ್ನು ಮಿಶ್ರಣದ ಸಮೇತ ಎತ್ತಿ ಎಸೆದು, ಎರಡು ದಿನ ನೀರು ಹಾಕದಿರುವುದೊಂದೇ ದಾರಿ. ಮಳೆಗಾಲದಲ್ಲಿ ಬೀಜವನ್ನು 18 ಗ್ರಾಮಿಗೆ ಇಳಿಸಿ, ಮೇಲೆ ಪಾರದರ್ಶಕ ಹಾಳೆ ಇಳಿಜಾರಾಗಿ ಕಟ್ಟಬೇಕು.

ಹರಿವೆ ಬೀಜ ಬಹಳ ಸಣ್ಣದು, ಒಂದು ಚೀಲಕ್ಕೆ ಒಂದು ಗ್ರಾಂ ಸಾಕು. ಒಂದು ಹಿಡಿ ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ಹಸಿರು ಹರಿವೆ, ಅರ್ಕ ಅರುಣಿಮ ಕೆಂಪು. ಎರಡೂ ಮತ್ತೆ ಮತ್ತೆ ಕತ್ತರಿಸಿದರೂ ಚಿಗುರುವ ತಳಿಗಳು. ಅದೇ ಸಂಸ್ಥೆಯ ಅರ್ಕ ಅನುಪಮಾ ಪಾಲಕ್‌ಗೆ ಒಳ್ಳೆಯದು. ಹರಿವೆಯನ್ನು ನಾಲ್ಕು ವಾರಕ್ಕೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಎರಡು ವಾರದಲ್ಲಿ ಮತ್ತೆ ಬರುತ್ತದೆ. ಮೂರು ಕೊಯ್ಲಾದ ಮೇಲೆ ದಂಟು ಬಲಿತು ಎಲೆ ಸಣ್ಣದಾಗುತ್ತದೆ, ಆಗ ಕಿತ್ತು ಹೊಸದು ಬಿತ್ತುವುದು. ಗುಲಾಬಿ ಅಥವಾ ಹಸಿರು ಬಣ್ಣ ಬಳಿದ ಬೀಜ ಔಷಧಿ ಹಚ್ಚಿದ್ದು, ನಾಲ್ಕೇ ವಾರಕ್ಕೆ ತಿನ್ನುವ ಸೊಪ್ಪಿಗೆ ಅದು ಬೇಡ.

ತಾರಸಿಯಲ್ಲಿ ಮೊದಲ ಶತ್ರು ಹುಳುವಲ್ಲ, ಪಾರಿವಾಳ. ಬಿತ್ತಿದ ದಿನವೇ ಬಲೆ ಹೊದಿಸದಿದ್ದರೆ ಮೊಳಕೆಗಳನ್ನು ಒಂದೊಂದಾಗಿ ಕಿತ್ತು ಸಾಲು ಹಾಕಿ ಇಟ್ಟಿರುತ್ತವೆ, ತಿನ್ನುವುದೂ ಇಲ್ಲ. ಹುಳುವಿನ ಪೈಕಿ ಹರಿವೆಯ ಎಲೆಗಳನ್ನು ಬಲೆಯಂತೆ ಹೆಣೆದು ಒಳಗೆ ಕೂರುವ ಹಸಿರು ಕಂಬಳಿಹುಳು ಮುಖ್ಯ. ಅದನ್ನು ಬೆಳಗಿನ ಹೊತ್ತು ಕೈಯಿಂದ ಆರಿಸುವುದೇ ಬೇಗದ ಕೆಲಸ. ಮಳೆಗಾಲದಲ್ಲಿ ಹರಿವೆ ಎಲೆಯ ಕೆಳಗೆ ಸುಣ್ಣದ ಚುಕ್ಕೆಯಂತೆ ಬಿಳಿ ಗುಳ್ಳೆ ಕಂಡರೆ ಅದು ಬಿಳಿತುಕ್ಕು ರೋಗ. ಆ ಚೀಲವನ್ನು ಆಗಲೇ ಕತ್ತರಿಸಿ ಖಾಲಿ ಮಾಡಿ, ಮುಂದಿನ ಸರದಿಗೆ ಅಲ್ಲಿ ಮೆಂತ್ಯ ಹಾಕಬೇಕು. ಸಸ್ಯಹೇನಿಗೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆ, ಒಂದೆರಡು ಹನಿ ಸಾಬೂನು, ಸಂಜೆಯ ಹೊತ್ತು. ಕೊಯ್ಲಿಗೆ ಒಂದು ವಾರ ಇರುವಾಗ ಅದನ್ನೂ ನಿಲ್ಲಿಸಬೇಕು, ಕಹಿ ವಾಸನೆ ಸಾರಿನವರೆಗೂ ಹೋಗುತ್ತದೆ. ಜೀವಾಮೃತವನ್ನು ಸೊಪ್ಪಿಗೆ ಸುರಿಯುವವರಿದ್ದಾರೆ. ಹಸಿ ಸಗಣಿ ನೀರು ತಿನ್ನುವ ಎಲೆಯ ಮೇಲೆ ಬೀಳುವುದು ನಮಗೆ ಒಪ್ಪಿಗೆಯಿಲ್ಲ, ಕೆಳಗಿನ ಮನೆಯವರಿಗೆ ಆ ವಾಸನೆಯೂ ಒಪ್ಪಿಗೆಯಾಗುವುದಿಲ್ಲ. ಪ್ರತಿ ಕೊಯ್ಲಿನ ನಂತರ ಚೀಲಕ್ಕೆ ಎರಡು ಕೆಜಿ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕಾಗುತ್ತದೆ. ಮಿಶ್ರಣ ಹೇಗೂ ತಾನಾಗಿ ಕುಸಿಯುತ್ತಿರುತ್ತದೆ, ಈ ಗೊಬ್ಬರ ಆ ಜಾಗವನ್ನೂ ತುಂಬುತ್ತದೆ.

ಇನ್ನು ಮಾರಾಟ. ಶುಕ್ರವಾರ ಸಂಜೆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ನಾಳೆ ಏನಿದೆ, ಎಷ್ಟಿದೆ ಎಂದು ಹಾಕುವುದು, ರಾತ್ರಿ ಒಂಬತ್ತಕ್ಕೆ ಪಟ್ಟಿ ಮುಚ್ಚುವುದು, ಪಟ್ಟಿಯಲ್ಲಿರುವಷ್ಟನ್ನೇ ಬೆಳಿಗ್ಗೆ ಆರಕ್ಕೆ ಕೊಯ್ಯುವುದು. ಕೊಯ್ಯದ ಸೊಪ್ಪು ಚೀಲದಲ್ಲೇ ಕೆಡದೆ ಇರುತ್ತದೆ. ಕೊಯ್ದು ಮಾರದೆ ಉಳಿದದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಹಿಂದಿನ ಸಂಜೆ ನೀರು ಹಾಕಿರಬೇಕು, ಬೆಳಿಗ್ಗೆ ಎಲೆ ಒದ್ದೆ ಮಾಡಬಾರದು. ಒದ್ದೆ ಎಲೆ ಕಟ್ಟಿನೊಳಗೆ ಬೆಂದ ಹಾಗೆ ಕಪ್ಪಾಗುತ್ತದೆ. ಮೆಂತ್ಯವನ್ನು ಬೇರುಸಹಿತ ಕಿತ್ತು, ಬೇರನ್ನು ಮಾತ್ರ ತೊಳೆದು, ಬಾಳೆನಾರಿನಲ್ಲಿ ಕಟ್ಟಿದರೆ ಸಂಜೆಯವರೆಗೂ ತಾಜಾ ಇರುತ್ತದೆ.

ಹನ್ನೆರಡು ಚೀಲ ವಾರಕ್ಕೆ ಕೊಡುವುದು ಮೆಂತ್ಯ 700 ಗ್ರಾಂ, ಹರಿವೆ 900, ಪಾಲಕ್ 600, ಜೊತೆಗೆ ಸ್ವಲ್ಪ ಪುದೀನ, ಸಬ್ಬಸಿಗೆ. ಒಟ್ಟು ಎರಡೂಕಾಲು ಕೆಜಿ. ಇದನ್ನು ಪೇಟೆಯವರಂತೆ ಕಟ್ಟು ಕಟ್ಟಿ ಮಾರಿದರೆ ಸೋಲುತ್ತೀರಿ. ಮಳೆ ಚೆನ್ನಾಗಿ ಬಿದ್ದ ವಾರ ತಳ್ಳುಗಾಡಿಯವರು ಹತ್ತು ರೂಪಾಯಿಗೆ ದೊಡ್ಡ ಕಟ್ಟು ಕೊಡುತ್ತಾರೆ. ಗೆದ್ದದ್ದು ಬೆರಕೆ ಸೊಪ್ಪು. ಹರಿವೆ, ಪಾಲಕ್, ಸಬ್ಬಸಿಗೆ, ಒಂದು ಹಿಡಿ ಮೆಂತ್ಯ, ಅಂಚಿನಲ್ಲಿ ತಾನಾಗಿ ಹಬ್ಬಿದ ಹೊನಗೊನ್ನೆಯ ಕುಡಿ, ಎಲ್ಲ ಸೇರಿ ಕಾಲು ಕೆಜಿ, ಕೀಟ ಕಸ ಆರಿಸಿ ಕೊಟ್ಟರೆ ನಲವತ್ತು ರೂಪಾಯಿ. ಮಂಡ್ಯ, ಮೈಸೂರು, ಹಾಸನ ಕಡೆಯವರಿಗೆ ಮಸ್ಸೊಪ್ಪಿಗೋ ಬಸ್ಸಾರಿಗೋ ಐದು ಬಗೆಯ ಸೊಪ್ಪು ಬೇಕು. ಮೂರು ಜನರ ಮನೆಯವರು ಐದು ಕಟ್ಟು ಕೊಂಡು ಏನು ಮಾಡುತ್ತಾರೆ? ಪೇಟೆಯಲ್ಲಿ ಅದು ಸಣ್ಣ ಅಳತೆಯಲ್ಲಿ ಸಿಗುವುದಿಲ್ಲ. ನಮಗೂ ಒಳ್ಳೆಯದು: ಒಂದು ವಾರ ಪಾಲಕ್ ಕಡಿಮೆ ಬಂದರೆ ಹರಿವೆ ಹೆಚ್ಚು ಹಾಕಿ ಪೊಟ್ಟಣ ತುಂಬಬಹುದು.

ಹಣದ ಲೆಕ್ಕವನ್ನು ಮುಚ್ಚಿಡುವುದು ಬೇಡ. ಚೀಲ, ಕೋಕೋಪೀಟ್, ಪ್ಯಾಲೆಟ್, ಬಲೆ, ಕತ್ತರಿ ಎಲ್ಲ ಸೇರಿ ಆರಂಭಕ್ಕೆ ಹತ್ತರಿಂದ ಹನ್ನೆರಡು ಸಾವಿರ. ವಾರಕ್ಕೆ ಎಂಟು ಪೊಟ್ಟಣ ಬೆರಕೆ ಮತ್ತು ಬಿಡಿ ಪುದೀನದಿಂದ ಮುನ್ನೂರೈವತ್ತು ರೂಪಾಯಿ, ತಿಂಗಳಿಗೆ ಸಾವಿರದ ನಾನೂರು. ಬೀಜ, ಹಿಂಡಿಗೆ ಮುನ್ನೂರು ಹೋದರೆ ಉಳಿಯುವುದು ಸಾವಿರದ ನೂರು. ಕೆಲಸ ದಿನಕ್ಕೆ ಅರ್ಧ ಗಂಟೆ, ಶನಿವಾರ ಎರಡು ಗಂಟೆ. ಗಂಟೆಗೆ ಐವತ್ತು ರೂಪಾಯಿ ಬಿದ್ದಂತಾಯಿತು. ಹಾಕಿದ ದುಡ್ಡು ವಾಪಸು ಬರಲು ಸುಮಾರು ಒಂದು ವರ್ಷ. ಇಪ್ಪತ್ತನಾಲ್ಕು ಚೀಲ ಮಾಡಿದರೆ ಆದಾಯ ದುಪ್ಪಟ್ಟಾಗುತ್ತದೆ, ಆದರೆ ಕೆಲಸವೂ ಭಾರವೂ ದುಪ್ಪಟ್ಟು. ಆದಾಯ ಏರಬೇಕಾದರೆ ಚೀಲ ಹೆಚ್ಚಿಸುವುದಕ್ಕಿಂತ ಬೆಳೆ ಬದಲಿಸುವುದು ಲಾಭ.

ಹಾಗೆ ಬದಲಿಸಿದ್ದರಲ್ಲಿ ಎರಡು ಹೇಳಬೇಕು. ಬಸಳೆಯನ್ನು ಕಡ್ಡಿಯಿಂದ ನೆಟ್ಟು ಗೋಡೆಯ ಬದಿಯ ಬಲೆಗೆ ಹಬ್ಬಿಸಿದರೆ ಒಂದೇ ಚೀಲ ವರ್ಷವಿಡೀ ಕೊಡುತ್ತದೆ, ಮರುಬಿತ್ತನೆಯ ಕೆಲಸವಿಲ್ಲ. ಕರಾವಳಿಯವರು ದಪ್ಪ ದಂಟಿನದನ್ನೇ ಕೇಳುತ್ತಾರೆ, ಹಾಗಾಗಿ ಎಳೆಯ ಕುಡಿಯನ್ನು ಬೆರಕೆಗೆ ಹಾಕಿ ಬಲಿತ ದಂಟನ್ನು ಅವರಿಗೆ ಬೇರೆ ಕಟ್ಟಬೇಕು. ಇನ್ನೊಂದು ಅರಿಶಿನದ ಎಲೆ. ನಾಗರ ಪಂಚಮಿಗೆ ಮಂಗಳೂರು, ಉಡುಪಿ ಕಡೆಯವರ ಮನೆಯಲ್ಲಿ ಅರಿಶಿನ ಎಲೆಯ ಕಡುಬು ಆಗಲೇಬೇಕು, ಆ ವಾರ ಬೆಂಗಳೂರಿನಲ್ಲಿ ಎಲೆಗೆ ಅಲೆದಾಟ. ಏಪ್ರಿಲ್ ಕೊನೆಗೆ ಮೊಳಕೆಯೊಡೆದ ಕೊಂಬು ಒಂದು ಚೀಲಕ್ಕೆ ಆರರಂತೆ ಎರಡು ಇಂಚು ಆಳಕ್ಕೆ ನೆಟ್ಟರೆ, ಪಂಚಮಿ ಆಗಸ್ಟ್‌ನಲ್ಲಿ ತಡವಾಗಿ ಬರುವ ವರ್ಷ ಎಲೆ ಕಡುಬು ಮಡಿಸುವಷ್ಟು ಅಗಲವಾಗಿರುತ್ತದೆ. ಹಬ್ಬ ಜುಲೈ ಕೊನೆಗೇ ಬಂದರೆ ಎಲೆ ಸಾಲದು. ಅಂಥ ವರ್ಷ ಕೊಂಬನ್ನು ಮಾರ್ಚ್‌ನಲ್ಲೇ ನೆರಳಿನಲ್ಲಿ ಕೋಕೋಪೀಟಿನೊಳಗೆ ಮೊಳಕೆ ಕಟ್ಟಿಸಿಟ್ಟು, ಏಪ್ರಿಲ್ ಮೊದಲ ವಾರದಲ್ಲಿ ಚೀಲಕ್ಕೆ ಇಳಿಸಬೇಕು. ಗಿಡಕ್ಕೆ ಎರಡು ಮೂರು ಎಲೆಗಿಂತ ಹೆಚ್ಚು ಕೊಯ್ದರೆ ಕೊಂಬು ಸೊರಗುತ್ತದೆ. ಆರ್ಡರನ್ನು ಹದಿನೈದು ದಿನ ಮೊದಲೇ ತೆಗೆದುಕೊಂಡು, ಎಲೆಯ ಎಣಿಕೆ ಮಾಡಿಯೇ ಒಪ್ಪಿಕೊಳ್ಳಬೇಕು. ಜನವರಿಯಲ್ಲಿ ಎಲೆ ಒಣಗಿದ ಮೇಲೆ ಕೊಂಬು ಅಗೆದು, ಮುಂದಿನ ವರ್ಷದ ಬಿತ್ತನೆಗೆ ಬೇಕಾದಷ್ಟನ್ನು ಒಣ ಮರಳಿನಲ್ಲಿ ಇಟ್ಟರೆ ಬೀಜದ ಖರ್ಚೂ ಇಲ್ಲ.